ಹೇಳದೆ ಗೈರಾಗುವ ನೌಕರನಿಗೆ ಎಚ್ಚರಿಕೆ ಪತ್ರ: ಬರೆಯುವ ಮುನ್ನ ಪಗಾರ ವಹಿ ನೋಡಿರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ಭಾಗದ ವ್ಯಾಪಾರಸ್ಥ ಬಂಧುಗಳಲ್ಲಿ ಅನೇಕರು ಹತ್ತು ಹದಿನೈದು ನೌಕರರನ್ನು ಇಟ್ಟುಕೊಂಡು ಅಂಗಡಿ, ಅಡತಿ, ಗೋದಾಮು ನಡೆಸುವವರು. ಕಬ್ಬಿನ ಕಟಾವು, ಜಾತ್ರೆ, ಲಗ್ನಗಳ ಕಾಲದಲ್ಲಿ ನೌಕರನು ಹೇಳದೆ ಗೈರಾಗುವುದು ಇಲ್ಲಿ ಹೊಸದಲ್ಲ. ಮಾಲೀಕರು ಎರಡು ಸಲ ಸಹಿಸಿ, ಮೂರನೆಯ ಸಲ ಸಿಟ್ಟಿನಿಂದ ಒಂದು ಪತ್ರ ಬರೆಯುತ್ತಾರೆ. ಮುಂದೆ ವಿವಾದವೆದ್ದಾಗ ಆ ಪತ್ರವೇ ಅವರಿಗೆ ಮುಳುವಾಗುತ್ತದೆ.

ಒಂದು ಮಾದರಿ ಪ್ರಕರಣವನ್ನು ನೋಡೋಣ. ನಿಪ್ಪಾಣಿಯ ಒಂದು ಸಗಟು ಅಂಗಡಿಯಲ್ಲಿ ಆರು ವರ್ಷಗಳಿಂದ ಇರುವ ಗುಮಾಸ್ತನು 2026ರ ಜನವರಿ 12 ಮತ್ತು 13, ಫೆಬ್ರುವರಿ 4ರಿಂದ 6, ಮಾರ್ಚ್ 9ರಿಂದ 11, ಹೀಗೆ ಒಟ್ಟು ಎಂಟು ದಿನ ಹೇಳದೆ ಗೈರಾದನು. ಮಾಲೀಕರು ಎಂಟೂ ದಿನಗಳನ್ನು ಪತ್ರದಲ್ಲಿ ಕಾಣಿಸಲು ಹೊರಟರು. ಆದರೆ ಹಾಜರಿ ಪುಸ್ತಕವನ್ನು ಪಗಾರ ವಹಿಯೊಂದಿಗೆ ತಾಳೆ ನೋಡಿದಾಗ, ಫೆಬ್ರುವರಿಯಲ್ಲಿ ಪೂರ್ಣ ಪಗಾರ ಸಂದಾಯವಾಗಿತ್ತು. ಹಬ್ಬ-ಹುಣ್ಣಿಮೆಯ ಖರ್ಚಿದೆ ಎಂದು ಮಾಲೀಕರೇ ಕನಿಕರದಿಂದ ಕೊಟ್ಟಿದ್ದರು. ಕನಿಕರ ತಪ್ಪಲ್ಲ. ಆದರೆ ಪಗಾರ ಕೊಟ್ಟ ದಿನವನ್ನು ಅನಧಿಕೃತ ಗೈರುಹಾಜರಿ ಎಂದು ಆರೋಪಿಸಿದರೆ, ಅದಕ್ಕೆ ರಜೆ ಮಂಜೂರಾಗಿತ್ತೆಂದು ನೌಕರನು ವಾದಿಸುವನು. ಇ.ಎಸ್.ಐ. ಮತ್ತು ಭವಿಷ್ಯನಿಧಿಯ ಮಾಸಿಕ ವಿವರಗಳಲ್ಲಿಯೂ ಪೂರ್ಣ ಹಾಜರಿ ಹೋಗಿದ್ದರೆ ಮಾಲೀಕರ ಲೆಕ್ಕವೇ ಅವರ ವಿರುದ್ಧ ಸಾಕ್ಷಿಯಾಗುತ್ತದೆ. ಆದ್ದರಿಂದ ಆ ಮೂರು ದಿನ ಬಿಟ್ಟು ಐದು ದಿನಗಳಿಗೆ ಮಾತ್ರ ಪತ್ರ ಬರೆಯುವುದು ಉಚಿತ. ಹಾಜರಿ ಪುಸ್ತಕವನ್ನು ಈಗ ತಿದ್ದುವುದಾಗಲಿ, ಜನವರಿಯ ಹಳೆಯ ತಾರೀಖು ಹಾಕಿ ಇನ್ನೊಂದು ಪತ್ರ ಸೃಷ್ಟಿಸುವುದಾಗಲಿ ಸರ್ವಥಾ ಕೂಡದು.

ಪತ್ರದ ಒಕ್ಕಣೆ ಹೀಗಿರಬಹುದು:

“ತಾವು ದಿನಾಂಕ 12 ಮತ್ತು 13-1-2026 ಹಾಗೂ 9ರಿಂದ 11-3-2026ರವರೆಗೆ, ಒಟ್ಟು 5 ದಿನ, ಪೂರ್ವಾನುಮತಿಯಾಗಲಿ ಸೂಚನೆಯಾಗಲಿ ಇಲ್ಲದೆ ಕೆಲಸಕ್ಕೆ ಬಂದಿರುವುದಿಲ್ಲ. 14-1-2026ರಂದು ತಮಗೆ ಮೌಖಿಕವಾಗಿ ತಿಳಿಸಲಾಗಿತ್ತು. ಅನಾರೋಗ್ಯ ಅಥವಾ ಬೇರೆ ತಕ್ಕ ಕಾರಣವಿದ್ದಲ್ಲಿ, ಈ ಪತ್ರ ತಲುಪಿದ 7 ದಿನಗಳೊಳಗೆ ದಾಖಲೆ ಸಹಿತ ಲಿಖಿತವಾಗಿ ತಿಳಿಸಬೇಕು. ತಮ್ಮ ವಿವರಣೆಯನ್ನು ಪರಿಶೀಲಿಸಿದ ನಂತರವೇ ನಿರ್ಣಯ ಕೈಕೊಳ್ಳಲಾಗುವುದು. ಮುಂದೆ ಹೀಗಾದಲ್ಲಿ ವಿಚಾರಣೆ ನಡೆಸಿ ಶಿಸ್ತುಕ್ರಮ ಜರುಗಿಸಬೇಕಾಗಬಹುದು.”

ಸೋಮಾರಿ, ಬೇಜವಾಬ್ದಾರಿ ಎಂಬಂಥ ಶಬ್ದಗಳು ಇದರಲ್ಲಿ ಇಲ್ಲದಿರುವುದನ್ನು ಓದುಗರು ಗಮನಿಸಿರಬಹುದು. ಕಾರಣ ಕೇಳುವ ಮೊದಲೇ ತೀರ್ಪು ಕೊಟ್ಟ ಪತ್ರಕ್ಕೆ ಬೆಲೆಯಿಲ್ಲ. ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಕೃಷ್ಣಕಾಂತ ಪರ್ಮಾರ್ ಪ್ರಕರಣದಲ್ಲಿ, ಅದು ಸರಕಾರಿ ನೌಕರನ ಪ್ರಕರಣವಾದರೂ, ಗೈರುಹಾಜರಿ ಉದ್ದೇಶಪೂರ್ವಕವೇ ಎಂಬುದನ್ನು ನಿರ್ಣಯಿಸದೆ ದುರ್ನಡತೆ ಎನ್ನಲಾಗದೆಂದು ಹೇಳಿತು.

“ಇನ್ನೊಮ್ಮೆ ಗೈರಾದರೆ ತಾನೇ ಕೆಲಸ ಬಿಟ್ಟಂತೆ ಭಾವಿಸಲಾಗುವುದು” ಎಂಬ ವಾಕ್ಯವನ್ನು ನಮ್ಮವರು ತಪ್ಪದೆ ಸೇರಿಸುತ್ತಾರೆ. 1993ರ ಡಿ.ಕೆ. ಯಾದವ್ ಪ್ರಕರಣದಲ್ಲಿ ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ನೌಕರಿ ತಾನಾಗಿ ಹೋಗುತ್ತದೆಂಬ ಸ್ಥಾಯಿ ಆದೇಶವೇ ಇತ್ತು. ಆದರೂ ವಿಚಾರಣೆಯಿಲ್ಲದೆ ತೆಗೆದುಹಾಕಿದ್ದು ನೈಸರ್ಗಿಕ ನ್ಯಾಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು ಅವರನ್ನು ಪುನಃ ಕೆಲಸಕ್ಕೆ ತೆಗೆದುಕೊಂಡು ಅರ್ಧ ಹಿಂಬಾಕಿ ವೇತನ ಕೊಡಲು ಆದೇಶಿಸಿತು. ಅಂಗಡಿಗಳಿಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ 39ನೆಯ ಕಲಮಿನಂತೆ, ಆರು ತಿಂಗಳು ಸತತ ಸೇವೆ ಸಲ್ಲಿಸಿದವನನ್ನು ತೆಗೆಯಲು ಯುಕ್ತ ಕಾರಣವೂ ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ವೇತನವೂ ಬೇಕು. ವಿಚಾರಣೆಯಲ್ಲಿ ದಾಖಲಾದ ಸಾಕ್ಷ್ಯದಿಂದ ದುರ್ನಡತೆ ಸಿದ್ಧವಾದರೆ ಮಾತ್ರ ನೋಟೀಸಿನ ಅವಶ್ಯಕತೆಯಿಲ್ಲ. ಸಕ್ಕರೆ ಕಾರ್ಖಾನೆಯಂಥ ದೊಡ್ಡ ಘಟಕಗಳು ತಮ್ಮ ಸ್ಥಾಯಿ ಆದೇಶಗಳನ್ನು ನೋಡತಕ್ಕದ್ದು.

ನೌಕರನಿಗೆ ಓದಲು ಬರುವ ಭಾಷೆಯಲ್ಲಿಯೇ ಪತ್ರವಿರಲಿ. ಮರಾಠಿ ಶಾಲೆಯಲ್ಲಿ ಕಲಿತವನಿಗೆ ಮರಾಠಿ ಪ್ರತಿಯನ್ನೂ ಲಗತ್ತಿಸಬೇಕು. ಕೈಯಲ್ಲಿ ಕೊಟ್ಟು, ಪ್ರತಿಯ ಮೇಲೆ ತಾರೀಖು ಸಹಿತ ರುಜು ಪಡೆಯಿರಿ. ಆ ರುಜು ಪತ್ರ ತಲುಪಿದ್ದಕ್ಕೆ ಮಾತ್ರ, ತಪ್ಪೊಪ್ಪಿಗೆಗಲ್ಲ ಎಂದು ಅಲ್ಲಿಯೇ ಬರೆದರೆ ಅನೇಕರು ಹಿಂಜರಿಯದೆ ರುಜು ಮಾಡುತ್ತಾರೆ. ನಿರಾಕರಿಸಿದರೆ ಇಬ್ಬರು ಸಾಕ್ಷಿದಾರರ ಮುಂದೆ ಷರಾ ಬರೆದು ಅಂಚೆಯಲ್ಲಿ ಕಳಿಸಬೇಕು. ನೋಂದಾಯಿತ ಅಂಚೆಯು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿರುವುದರಿಂದ, ಅದರಲ್ಲಿಯೇ ತಲುಪಿದ ಪುರಾವೆ ಕೇಳಿ ಪಡೆಯಿರಿ. ಮರಳಿ ಬಂದ ಲಕೋಟೆಯನ್ನು ಒಡೆಯದೆ ಫೈಲಿನಲ್ಲಿಡಿರಿ.

ನಮ್ಮ ಪ್ರಕರಣದ ಗುಮಾಸ್ತನು ಐದನೆಯ ದಿನ ಉತ್ತರ ಕೊಟ್ಟನೆನ್ನಿರಿ: ಮಾರ್ಚಿನಲ್ಲಿ ತಾಯಿಯನ್ನು ಮಿರಜಿನ ಆಸ್ಪತ್ರೆಯಲ್ಲಿ ಸೇರಿಸಿದ್ದ ಕಾಗದವಿದೆ, ಜನವರಿಗೆ ಕಾರಣವಿಲ್ಲ. ಆಗ ಮಾರ್ಚಿನ ಮೂರು ದಿನಗಳನ್ನು ಅವನ ಗಳಿಕೆ ರಜೆಗೆ ಹಾಕಿ, ಜನವರಿಯ ಎರಡು ದಿನಗಳಿಗೆ ಮಾತ್ರ ಎಚ್ಚರಿಕೆಯನ್ನು ಕಾಯಂ ಮಾಡಿ, ಫೋನ್ ಮಾಡಿಯಾದರೂ ತಿಳಿಸಬೇಕಿತ್ತೆಂದು ಲಿಖಿತವಾಗಿ ಹೇಳುವುದು ಸರಿ. ಮಾರ್ಚಿನ ಪಗಾರ ವಹಿಯಲ್ಲಿಯೂ ಆ ಮೂರು ದಿನ ರಜೆ ಎಂದೇ ಕಾಣಬೇಕು. ಜನವರಿಯ ಎರಡು ದಿನಗಳ ಪಗಾರ ಕಡಿತವಾಗಿದ್ದರೆ ಅಷ್ಟೇ ಸಾಕು, ದಂಡವೆಂದು ಮೂರನೆಯ ದಿನದ್ದನ್ನು ಕಡಿಯಲು ಬರುವುದಿಲ್ಲ.