ಒಂದೇ ಬಿಲ್ಲು, ಮೂರು ಟೀಮು

ಅಮೆಜಾನ್‌ನ ಕ್ಲೌಡ್ ಬಳಸುವ ಕಂಪನಿಗಳಲ್ಲಿ ತಿಂಗಳ ಮೊದಲ ವಾರ ಫೈನಾನ್ಸ್‌ನವರು ತೆರೆದುಕೊಂಡು ಕೂರುವ ಪುಟವೊಂದಿದೆ. ಅದರ ಹೆಸರು ಕಾಸ್ಟ್ ಎಕ್ಸ್‌ಪ್ಲೋರರ್. ಹಿಂದಿನ ತಿಂಗಳ ಖರ್ಚನ್ನು ಟೀಮುವಾರು ತೋರಿಸು ಎಂದರೆ ಬಣ್ಣಬಣ್ಣದ ಕಂಬಗಳು ಏಳುತ್ತವೆ. ಒಂದೊಂದು ಕಂಬಕ್ಕೂ ಒಂದೊಂದು ಟೀಮಿನ ಹೆಸರಿರುತ್ತದೆ. ಒಂದಕ್ಕೆ ಮಾತ್ರ ಹೆಸರಿರುವುದಿಲ್ಲ, ಅದರ ಕೆಳಗೆ `No tag key: Team` ಎಂದಿರುತ್ತದೆ. ಇದು ಯಾರ ಖರ್ಚೋ ನನಗೆ ಗೊತ್ತಿಲ್ಲ ಎಂದು ಯಂತ್ರ ಕೈ ಚೆಲ್ಲಿದ ಜಾಗ ಅದು. ಎಷ್ಟೋ ಕಡೆ ಎಲ್ಲಕ್ಕಿಂತ ಎತ್ತರದ ಕಂಬವೂ ಅದೇ ಆಗಿರುತ್ತದೆ.

ಬೆಂಗಳೂರಿನ ಮಧ್ಯಮ ಗಾತ್ರದ ಒಂದು ಕಂಪನಿಯನ್ನು ಊಹಿಸಿಕೊಳ್ಳೋಣ. ಅಲ್ಲಿ ಮೂರು ಟೀಮುಗಳಿವೆ. ಒಂದು ಗ್ರಾಹಕರ ಹಣ ಪಾವತಿಯನ್ನು ನೋಡಿಕೊಳ್ಳುತ್ತದೆ, ಇನ್ನೊಂದು ಆ್ಯಪ್‌ನಲ್ಲಿ ಹುಡುಕುವ ಸೌಲಭ್ಯವನ್ನು ನಡೆಸುತ್ತದೆ, ಮೂರನೆಯದು ರಾತ್ರಿಯೆಲ್ಲ ಡೇಟಾ ಅರೆದು ಬೆಳಿಗ್ಗೆ ವರದಿ ಕೊಡುತ್ತದೆ. ಮೂವರಿಗೂ ಕ್ಲೌಡ್ ಖಾತೆ ಒಂದೇ. ಮೂರು ಮನೆಗೆ ಒಂದೇ ಕರೆಂಟ್ ಮೀಟರ್ ಇದ್ದ ಹಳೆಯ ವಠಾರದ ಪರಿಸ್ಥಿತಿ. ತಿಂಗಳಿಗೆ ಬಂದ ಬಿಲ್ಲು 10 ಲಕ್ಷ ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಕಂಪನಿಗೆ ಅದು ಇನ್‌ಪುಟ್ ಕ್ರೆಡಿಟ್ಟಾಗಿ ವಾಪಸಾಗುವುದಾದರೆ ಟೀಮುಗಳ ತಲೆಗೆ ಹಂಚುವುದರಲ್ಲಿ ಅರ್ಥವಿಲ್ಲ.

ಟೀಮಿಗೊಂದು ಖಾತೆ ಮಾಡಿಬಿಟ್ಟರೆ ಆಯಿತಲ್ಲ ಎಂದು ಕೇಳಬಹುದು. ಹೊಸದಾಗಿ ಶುರು ಮಾಡುವವರಿಗೆ ಅದೇ ಸರಿಯಾದ ದಾರಿ, ಬಿಲ್ಲು ತಾನಾಗಿಯೇ ಬೇರೆಯಾಗುತ್ತದೆ. ಆದರೆ ನಾಲ್ಕೈದು ವರ್ಷ ಒಂದೇ ಖಾತೆಯಲ್ಲಿ ಬೆಳೆದ ಸರ್ವರು, ಡೇಟಾಬೇಸು, ನೆಟ್‌ವರ್ಕುಗಳನ್ನು ಕಿತ್ತು ಬೇರೆಡೆ ನೆಡುವುದು ತಿಂಗಳುಗಟ್ಟಲೆಯ ಕೆಲಸ. ಹಾಗಾಗಿ ಹೆಚ್ಚಿನವರು ಟ್ಯಾಗಿನ ಮೊರೆ ಹೋಗುತ್ತಾರೆ.

ಟ್ಯಾಗ್ ಎಂದರೆ ಸರ್ವರಿಗೋ ಡಿಸ್ಕಿಗೋ ಅಂಟಿಸುವ ಚೀಟಿ. ಅದರಲ್ಲಿ ಎರಡು ಭಾಗವಿರುತ್ತದೆ, ಯಾವ ಬಗೆಯ ಮಾಹಿತಿ ಎಂಬುದು ಒಂದು, ಆ ಮಾಹಿತಿ ಏನು ಎಂಬುದು ಇನ್ನೊಂದು:

```
Team = search
Environment = production
```

ಅಮೆಜಾನ್‌ನಲ್ಲಿ ಒಂದು ವಸ್ತುವಿಗೆ ಇಂಥ 50 ಚೀಟಿಗಳನ್ನು ಅಂಟಿಸಬಹುದು. ಅಷ್ಟು ಯಾರಿಗೂ ಬೇಡ. ಮೂರೋ ನಾಲ್ಕೋ ಚೀಟಿಯನ್ನು ಎಲ್ಲ ವಸ್ತುಗಳಿಗೂ ತಪ್ಪದೆ ಹಚ್ಚುವುದೇ ಕಷ್ಟದ ಕೆಲಸ.

ಚೀಟಿ ಅಂಟಿಸಿದ ಮಾತ್ರಕ್ಕೆ ಅದು ಬಿಲ್ಲಿನಲ್ಲಿ ಕಾಣುವುದಿಲ್ಲ, ಮೊದಲ ಸಲ ಕೈ ಹಾಕಿದವರು ಎಡವುವುದೇ ಇಲ್ಲಿ. ಬಿಲ್ಲು ಕಟ್ಟುವ ಮುಖ್ಯ ಖಾತೆಗೆ ಹೋಗಿ, `Team` ಎಂಬುದನ್ನು ಖರ್ಚಿನ ಲೆಕ್ಕಕ್ಕೂ ತೆಗೆದುಕೋ ಎಂದು ಒಮ್ಮೆ ಚಾಲೂ ಮಾಡಬೇಕು. ಹೊಸ ಟ್ಯಾಗ್ ಆ ಪಟ್ಟಿಯಲ್ಲಿ ಮೂಡಲು ಒಂದು ದಿನ ಹಿಡಿಯಬಹುದು, ಚಾಲೂ ಆಗಲು ಇನ್ನೊಂದು ದಿನ. 2024ರ ಮಾರ್ಚಿನಿಂದ ಹಿಂದಿನ ಹನ್ನೆರಡು ತಿಂಗಳ ಲೆಕ್ಕಕ್ಕೂ ಇದನ್ನು ಅನ್ವಯಿಸುವ ಸೌಲಭ್ಯ ಬಂದಿದೆ. ಆದರೆ ಅದು ನೋಡುವುದು ಆಗ ವಸ್ತುವಿನ ಮೇಲೆ ಚೀಟಿ ಇತ್ತೇ ಎಂಬುದನ್ನು. ಇವತ್ತು ಅಂಟಿಸಿದ ಚೀಟಿ ಹೋದ ತಿಂಗಳ ಖರ್ಚಿಗೆ ಮಾಲೀಕರನ್ನು ಹುಡುಕಿಕೊಡುವುದಿಲ್ಲ.

ನಮ್ಮ ಕಂಪನಿಯವರು ಇಷ್ಟನ್ನೂ ಸರಿಯಾಗಿಯೇ ಮಾಡಿದ್ದರು ಎನ್ನೋಣ. ಆದರೂ ಆ ತಿಂಗಳ ಲೆಕ್ಕ ಹೀಗೆ ಬಂತು: ಪಾವತಿ ಟೀಮು 3 ಲಕ್ಷ, ಹುಡುಕಾಟದ ಟೀಮು 2 ಲಕ್ಷ, ಡೇಟಾ ಟೀಮು 1 ಲಕ್ಷ, ಎಲ್ಲರಿಗೂ ಸೇರಿದ್ದು ಎಂದು ಮೊದಲೇ ಗುರುತು ಹಾಕಿದ್ದು 1.8 ಲಕ್ಷ. ಉಳಿದ 2.2 ಲಕ್ಷಕ್ಕೆ ಹೆಸರಿಲ್ಲ.

ಈ 2.2 ಲಕ್ಷದ ಬೆನ್ನು ಹತ್ತಿದರೆ ಮೊದಲು ಸಿಗುವುದು ಡಿಸ್ಕುಗಳು. ಸರ್ವರಿಗೆ ಹಚ್ಚಿದ ಚೀಟಿ ಅದರ ಡಿಸ್ಕಿಗೆ ತಾನಾಗಿ ಹೋಗುವುದಿಲ್ಲ. ಡಿಸ್ಕಿನದು ಬೇರೆಯೇ ಬಾಡಿಗೆ, ಅದಕ್ಕೆ ಬೇರೆಯೇ ಚೀಟಿ. ಆ ಡಿಸ್ಕಿನಿಂದ ತೆಗೆದಿಟ್ಟ ನಕಲಿಗೆ, ಅಂದರೆ ಸ್ನ್ಯಾಪ್‌ಶಾಟಿಗೆ, ಮತ್ತೊಂದು. ಡೇಟಾ ಟೀಮು ಪ್ರತಿ ರಾತ್ರಿ ಹತ್ತಾರು ಸರ್ವರುಗಳನ್ನು ಎಬ್ಬಿಸಿ ಬೆಳಗಾಗುವಷ್ಟರಲ್ಲಿ ಅಳಿಸುತ್ತದೆ. ಸರ್ವರ್ ಹೋದರೂ ಆಮೇಲೆ ಜೋಡಿಸಿದ ಡಿಸ್ಕುಗಳು ಹಾಗೆಯೇ ಉಳಿದು ಬಾಡಿಗೆ ಏರಿಸುತ್ತಿರುತ್ತವೆ. ಯಾವ ಡಿಸ್ಕು ಯಾವ ಸರ್ವರಿಗೆ ಜೋಡಿಸಲ್ಪಟ್ಟಿತ್ತು, ಯಾರು ಸೃಷ್ಟಿಸಿದ್ದರು ಎಂಬ ದಾಖಲೆ ಹಿಡಿದು ಹುಡುಕಿದಾಗ 90 ಸಾವಿರ ಅವರದೆಂದು ಗೊತ್ತಾಯಿತು. ಬಿಲ್ಲಿನಲ್ಲಿ ಎಲ್ಲರಿಗಿಂತ ಕಡಿಮೆ ಖರ್ಚಿನವರೆಂದು ಕಾಣುತ್ತಿದ್ದ ಟೀಮಿನ ಲೆಕ್ಕ ಒಂದೇ ಏಟಿಗೆ ಹೆಚ್ಚುಕಡಿಮೆ ಎರಡರಷ್ಟಾಯಿತು.

ಎರಡನೆಯದು ಒಂದು ಅಕ್ಷರದ ಕಥೆ. ಹುಡುಕಾಟದ ಟೀಮಿನಲ್ಲಿ ಯಾರೋ `Team` ಬದಲು `team` ಎಂದು ಬರೆದಿದ್ದರು. ಮನುಷ್ಯರಿಗೆ ಎರಡೂ ಒಂದೇ, ಅಮೆಜಾನ್‌ಗೆ ಎರಡು ಬೇರೆ ಬೇರೆ ಚೀಟಿ. ಚಾಲೂ ಆಗಿದ್ದು ಮೊದಲನೆಯದು ಮಾತ್ರ. ಹೀಗೆ 70 ಸಾವಿರ ಹೆಸರಿಲ್ಲದ ಕಂಬ ಸೇರಿತ್ತು. ಈ ತಪ್ಪನ್ನು ಪತ್ತೆ ಮಾಡುವುದು ಸುಲಭ. ಚಾಲೂ ಮಾಡುವ ಪುಟದಲ್ಲಿ ಖಾತೆಯೊಳಗೆ ಬಳಕೆಯಲ್ಲಿರುವ ಟ್ಯಾಗುಗಳ ಪಟ್ಟಿಯಿದೆ. ಅದನ್ನು ಅಕ್ಷರಕ್ರಮದಲ್ಲಿ ಜೋಡಿಸಿ ಕಣ್ಣಾಡಿಸಿದರೆ ಅಣ್ಣತಮ್ಮಂದಿರಂಥ ಕಾಗುಣಿತಗಳೆಲ್ಲ ಎದ್ದು ಕಾಣುತ್ತವೆ.

ಉಳಿದ 60 ಸಾವಿರಕ್ಕೆ ಚೀಟಿ ಹಚ್ಚಲು ಜಾಗವೇ ಇಲ್ಲ. ಅಮೆಜಾನ್‌ನ ಸಹಾಯ ಸೇವೆಗೆ ಕೊಡುವ ಶುಲ್ಕ ಇಂಥದ್ದು. ಅದು ಇಡೀ ಬಿಲ್ಲಿನ ಮೇಲೆ ಬೀಳುವ ಖರ್ಚು, ಯಾವ ಒಂದು ಸರ್ವರಿನದೂ ಅಲ್ಲ. ಹೆಸರಿಲ್ಲದ ಕಂಬವನ್ನು ಸೊನ್ನೆಗೆ ಇಳಿಸುತ್ತೇವೆಂದು ಹಟ ಹಿಡಿಯುವ ಮ್ಯಾನೇಜರುಗಳು ಈ ಭಾಗವನ್ನು ಮೊದಲೇ ತೆಗೆದಿಟ್ಟರೆ ಎಲ್ಲರ ಆಯುಸ್ಸೂ ಸ್ವಲ್ಪ ಉಳಿಯುತ್ತದೆ.

ಮುಂದೆ ಹೀಗಾಗದಂತೆ ತಡೆಯಲು ಬಾಗಿಲಲ್ಲೇ ಕಾವಲು ಹಾಕಬಹುದು. `Team` ಇಲ್ಲದೆ ಸರ್ವರನ್ನೋ ಡಿಸ್ಕನ್ನೋ ಸೃಷ್ಟಿಸಲು ಬಂದರೆ ಬೇಡ ಎನ್ನುವ ನಿಯಮವನ್ನು ಖಾತೆಯ ಮೇಲೆ ಹೇರಬಹುದು. ನಿಯಮ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಒಮ್ಮೊಮ್ಮೆ ಬೇಕಾದ್ದಕ್ಕಿಂತ ಹೆಚ್ಚು ಚೆನ್ನಾಗಿ. ಗಿರಾಕಿಗಳ ನೂಕುನುಗ್ಗಲಾದಾಗ ತಾನಾಗಿ ಹೊಸ ಸರ್ವರ್ ಎಬ್ಬಿಸುವ ಹಳೆಯ ವ್ಯವಸ್ಥೆಯೊಂದು ಚೀಟಿ ಇಲ್ಲದೆ ಬಂದರೆ ಅದಕ್ಕೂ ಬಾಗಿಲು ಮುಚ್ಚಿರುತ್ತದೆ, ಆ್ಯಪ್ ಕುಂಟತೊಡಗುತ್ತದೆ. ಆದ್ದರಿಂದ ತಿಳಿದವರು ಮೊದಲು ಸರ್ವರುಗಳನ್ನು ಕಟ್ಟುವ ಸ್ಕ್ರಿಪ್ಟುಗಳಲ್ಲೇ ಟ್ಯಾಗನ್ನು ಸೇರಿಸುತ್ತಾರೆ. ಟೆರಾಫಾರ್ಮ್ ಬಳಸುವವರು `default_tags` ಎಂದು ಒಂದೆಡೆ ಬರೆದರೆ ಬಹುಪಾಲು ವಸ್ತುಗಳಿಗೆ ಅದೇ ಅಂಟುತ್ತದೆ. ಕೆಲವು ವಾರ ಬರಿ ಗಮನಿಸಿ, ಆಮೇಲೆ ಕಾವಲು ಹಾಕುತ್ತಾರೆ.

ಈಗ ಲೆಕ್ಕ ಹೀಗಾಗಿದೆ: ಪಾವತಿ 3 ಲಕ್ಷ, ಹುಡುಕಾಟ 2.7 ಲಕ್ಷ, ಡೇಟಾ 1.9 ಲಕ್ಷ. ಯಾರದೆಂದು ಹೇಳಲಾಗದ ಖರ್ಚು 2.4 ಲಕ್ಷ. ಅದರಲ್ಲಿ 60 ಸಾವಿರ ಆಗ ಹೇಳಿದ ಶುಲ್ಕ, 80 ಸಾವಿರ ಮೂವರೂ ಬಳಸುವ ಒಂದು ಡೇಟಾಬೇಸು, 1 ಲಕ್ಷ ನ್ಯಾಟ್ ಗೇಟ್‌ವೇ. ಒಳಗಿನ ಸರ್ವರುಗಳು ಹೊರಜಗತ್ತಿನೊಡನೆ ಮಾತಾಡಲು ಹಾದುಹೋಗುವ ಬಾಗಿಲು ಅದು. ಗಂಟೆಗಿಷ್ಟು ಎಂದು ಬಾಡಿಗೆ ಇದೆ, ಆದರೆ ಅದು ಸಣ್ಣದು. ಹೊರೆಯಾಗುವುದು ಹಾದುಹೋಗುವ ಪ್ರತಿ ಜಿಬಿಗೆ ಕೊಡಬೇಕಾದ ಸುಂಕ, ಮುಂಬೈ ಕೇಂದ್ರದಲ್ಲಿ ಹೆಚ್ಚುಕಡಿಮೆ ಐದು ರೂಪಾಯಿ.

ಈ 2.4 ಲಕ್ಷವನ್ನು ಹಂಚುವುದು ಹೇಗೆ ಎನ್ನುವ ಪ್ರಶ್ನೆಗೆ ಟ್ಯಾಗಿನಲ್ಲಿ ಉತ್ತರವಿಲ್ಲ. ಒಂದು ವಸ್ತುವಿನ ಮೇಲೆ `Team` ಎಂಬ ಚೀಟಿ ಒಂದೇ ಇರಬಹುದು, ಅದರಲ್ಲಿ ಒಂದೇ ಹೆಸರು. ಅಮೆಜಾನ್‌ನ ಕಾಸ್ಟ್ ಕ್ಯಾಟಗರೀಸ್ ಎಂಬ ಸೌಲಭ್ಯ ಮೂರು ಬಗೆಯಲ್ಲಿ ಹಂಚಿಕೊಡುತ್ತದೆ: ಸಮಪಾಲು, ನಾವೇ ನಿಗದಿ ಮಾಡಿದ ಶೇಕಡಾವಾರು, ಇಲ್ಲವೇ ಅವರವರ ಸ್ವಂತ ಖರ್ಚಿಗೆ ತಕ್ಕಷ್ಟು. ಯಾವುದನ್ನು ಆರಿಸಬೇಕೆಂದು ಅದು ಹೇಳುವುದಿಲ್ಲ.

ಸಮಪಾಲಾದರೆ ತಲೆಗೆ 80 ಸಾವಿರ. ಚಿಕ್ಕ ಟೀಮು ಗೊಣಗುತ್ತದೆ. ಖರ್ಚಿಗೆ ತಕ್ಕಷ್ಟು ಎಂದರೆ ಪಾವತಿಗೆ ಸುಮಾರು 95 ಸಾವಿರ, ಹುಡುಕಾಟಕ್ಕೆ 85 ಸಾವಿರ, ಡೇಟಾಕ್ಕೆ 60 ಸಾವಿರ. ನೋಡಲು ನ್ಯಾಯವಾಗಿಯೇ ಇದೆ, ಬಹಳ ಕಂಪನಿಗಳು ಇಲ್ಲಿಗೇ ನಿಲ್ಲಿಸುತ್ತವೆ. ನನ್ನ ಪ್ರಕಾರ ನಿಲ್ಲಿಸಬಾರದು, ಏಕೆಂದರೆ ಇದರಲ್ಲಿ ಒಂದು ತೂತಿದೆ. ದೊಡ್ಡ ಸರ್ವರ್ ಇಟ್ಟುಕೊಂಡವರೇ ಬಾಗಿಲನ್ನೂ ಹೆಚ್ಚು ಬಳಸುತ್ತಾರೆ ಎಂದು ಈ ಲೆಕ್ಕ ನಂಬಿಕೊಂಡಿದೆ.

ನಿಜ ಏನೆಂದು ನೋಡಲು ವಿಪಿಸಿ ಫ್ಲೋ ಲಾಗ್ಸ್ ಎಂಬ ದಾಖಲೆಯಿದೆ. ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಬೈಟು ಹೋಯಿತೆಂದು ಅದು ಬರೆದಿಡುತ್ತದೆ. ಸರ್ವರುಗಳ ವಿಳಾಸಕ್ಕೂ ಟೀಮಿನ ಹೆಸರಿಗೂ ತಾಳೆ ಹಾಕಿ ಕೂಡಿದರೆ ಬಾಗಿಲು ಯಾರು ಎಷ್ಟು ತುಳಿದರೆಂದು ತಿಳಿಯುತ್ತದೆ. ನಮ್ಮ ಕಂಪನಿಯಲ್ಲಿ ಡೇಟಾ ಟೀಮು 70, ಪಾವತಿ 20, ಹುಡುಕಾಟ 10 ಪಾಲು. ನ್ಯಾಟಿನ 1 ಲಕ್ಷವನ್ನು ಹೀಗೆ ಹಂಚಿ, ಉಳಿದ 1.4 ಲಕ್ಷವನ್ನು ಮೊದಲಿನಂತೆ ಖರ್ಚಿಗೆ ತಕ್ಕಷ್ಟು ಹಂಚಿದರೆ ಡೇಟಾ ಟೀಮಿನ ಪಾಲು 60 ಸಾವಿರದಿಂದ 1 ಲಕ್ಷ 5 ಸಾವಿರಕ್ಕೆ ಏರುತ್ತದೆ. ಪಾವತಿಯದು 75 ಸಾವಿರಕ್ಕೆ, ಹುಡುಕಾಟದ್ದು 60 ಸಾವಿರಕ್ಕೆ ಇಳಿಯುತ್ತದೆ.

ಡೇಟಾ ಟೀಮಿನವರು ಆಗ ಮೊದಲ ಸಲ ತಮ್ಮ ಸಂಚಾರವನ್ನು ಬಿಚ್ಚಿ ನೋಡುತ್ತಾರೆ. ಅದರಲ್ಲಿ ಬಹುಪಾಲು ಹೊರಜಗತ್ತಿಗೆ ಹೋಗುವುದೇ ಅಲ್ಲ. ಅದೇ ಮುಂಬೈ ಕೇಂದ್ರದಲ್ಲಿರುವ ಎಸ್3 ಎಂಬ ಅಮೆಜಾನ್‌ನದೇ ಉಗ್ರಾಣದಿಂದ ಫೈಲು ತರುವುದು, ಅಲ್ಲೇ ಇಡುವುದು. ಆ ಉಗ್ರಾಣಕ್ಕೆ ಗೇಟ್‌ವೇ ಎಂಡ್‌ಪಾಯಿಂಟ್ ಎಂಬ ಒಳದಾರಿಯಿದೆ, ಅದಕ್ಕೆ ಸುಂಕವಿಲ್ಲ. ನೆಟ್‌ವರ್ಕಿನ ರೂಟ್ ಟೇಬಲ್ಲಿನಲ್ಲಿ ಅದನ್ನು ಸೇರಿಸಲು ಅರ್ಧ ಗಂಟೆಯೂ ಬೇಡ. ಇಷ್ಟು ದಿನ ಅದನ್ನು ಯಾರೂ ಮಾಡದಿದ್ದದ್ದು ಸೋಮಾರಿತನದಿಂದಲ್ಲ. ಸುಂಕದ ಬಹುಪಾಲು ಬೇರೆಯವರ ಹೆಸರಿಗೆ ಬೀಳುತ್ತಿತ್ತು, ಹಾಗಾಗಿ ನೋಡುವ ಗೋಜಿಗೇ ಯಾರೂ ಹೋಗಿರಲಿಲ್ಲ.

ಎಲ್ಲಕ್ಕೂ ಹೀಗೆ ಅಳೆಯುತ್ತ ಕೂರಬೇಕೆಂದಿಲ್ಲ. ಡೇಟಾಬೇಸಿನ 80 ಸಾವಿರವನ್ನು ಯಾರ ಪ್ರಶ್ನೆಗಳಿಗೆ ಎಷ್ಟು ಸಮಯ ಹಿಡಿಯಿತೆಂದು ನೋಡಿ ಹಂಚಬಹುದು. ಆದರೆ ಆ ಅಳತೆಯನ್ನು ಕಟ್ಟಿ ಕಾಪಾಡಲು ಒಬ್ಬ ಎಂಜಿನಿಯರ್ ತಿಂಗಳಿಗೆ ಎರಡು ದಿನ ಕೊಡಬೇಕಾದರೆ, ಅಳತೆಯಿಂದ ಯಾವ ಟೀಮಿನ ನಡವಳಿಕೆಯೂ ಬದಲಾಗದಿದ್ದರೆ, ಅದು ವ್ಯರ್ಥ ಶ್ರಮ.

ಒಳದಾರಿ ಹಾಕಿದ ಮುಂದಿನ ತಿಂಗಳು ನ್ಯಾಟಿನ ಬಿಲ್ಲು 1 ಲಕ್ಷದಿಂದ 40 ಸಾವಿರಕ್ಕೆ ಇಳಿಯುತ್ತದೆ ಎನ್ನೋಣ. ಡೇಟಾ ಟೀಮಿನ ಪಾಲು 70 ಸಾವಿರದಿಂದ 10 ಸಾವಿರಕ್ಕೆ ಬಂದಿದೆ. ಆಗ ಪಾವತಿ ಟೀಮಿನ ಮ್ಯಾನೇಜರಿಂದ ಫೈನಾನ್ಸ್‌ಗೆ ಫೋನ್ ಬರುತ್ತದೆ. "ಏನ್ರೀ ಇದು, ಹೋದ ತಿಂಗಳು ನ್ಯಾಟಲ್ಲಿ ನಮ್ಮ ಪಾಲು ಇಪ್ಪತ್ತು ಪರ್ಸೆಂಟಿತ್ತು, ಈಗ ಐವತ್ತು ತೋರಿಸ್ತಿದೆಯಲ್ಲ? ನಾವೇನೂ ಹೊಸದು ಮಾಡಿಲ್ಲ." ಅವರು ಹೇಳುತ್ತಿರುವುದು ನಿಜ. ಅವರ ಬಳಕೆ ಒಂದು ಜಿಬಿಯೂ ಹೆಚ್ಚಿಲ್ಲ, ಅವರು ಕೊಡಬೇಕಾದ್ದು ಆಗಲೂ 20 ಸಾವಿರ, ಈಗಲೂ 20 ಸಾವಿರ. ಪಕ್ಕದವರ ಪಾಲು ಕರಗಿದ್ದರಿಂದ ಶೇಕಡಾ ಲೆಕ್ಕ ಉಬ್ಬಿದೆ ಅಷ್ಟೆ. ಫೈನಾನ್ಸ್‌ನವರು ವರದಿಯ ಆ ಕಾಲಮ್ಮನ್ನು ತೆಗೆದು ಅಲ್ಲಿ ಜಿಬಿ ಮತ್ತು ರೂಪಾಯಿ ಎಂಬ ಎರಡು ಕಾಲಮ್ಮುಗಳನ್ನು ಹಾಕುತ್ತಾರೆ.