ಮೈದಾನದ ಚೆಂಡು, ಮೊಬೈಲಿನ ಚೆಂಡು

ಮೊಬೈಲಿನಲ್ಲಿ ‘ನೇರಪ್ರಸಾರ’ ಎಂದು ಕಾಣುವ ಕ್ರಿಕೆಟ್ ಪಂದ್ಯ ನಿಜಕ್ಕೂ ಸ್ವಲ್ಪ ಹಳೆಯದು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆಂಡು ಗಡಿಗೆರೆ ದಾಟಿ, ಬೌಲರ್ ತನ್ನ ಓಟದ ಗುರುತಿನತ್ತ ವಾಪಸ್ ನಡೆಯುತ್ತಿರುವ ಹೊತ್ತಿಗೆ ವಿಜಯಪುರದ ಫೋನೊಂದರಲ್ಲಿ ಆ ಹೊಡೆತ ಆಗಷ್ಟೇ ಕಾಣಿಸಬಹುದು. ಈ ನಡುವಿನ ಸೆಕೆಂಡುಗಳನ್ನು ತೋರಿಸಿಯೇ ಟೆಲಿಗ್ರಾಂ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಫಾಸ್ಟ್ ಲೈನ್’ ಮಾರಲಾಗುತ್ತದೆ. ಟಿವಿಗಿಂತ ಹತ್ತು ಸೆಕೆಂಡು ಮೊದಲೇ ಫಲಿತಾಂಶ ತಿಳಿಸುತ್ತೇವೆ, ಗೊತ್ತಾದ ಚೆಂಡಿನ ಮೇಲೆ ಬಾಜಿ ಕಟ್ಟಿ ಎಂಬುದು ಮಾರುವವರ ಮಾತು. ಹತ್ತು ಸೆಕೆಂಡಿನ ಲೆಕ್ಕ ಅನೇಕ ಸಲ ನಿಜವೇ ಆಗಿರುತ್ತದೆ. ಆದರೆ ಬಾಜಿ ಸ್ವೀಕರಿಸುವವನು ಟಿವಿ ನೋಡಿಕೊಂಡು ದರ ಹೇಳುತ್ತಾನೆ ಎಂಬ ಊಹೆ ಸುಳ್ಳು, ಮೋಸವೆಲ್ಲ ಆ ಊಹೆಯ ಮೇಲೆ ನಿಂತಿದೆ.

ಚಿತ್ರ ತಡವಾಗುವುದಕ್ಕೆ ದೂರ ಕಾರಣವಲ್ಲ. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದರೂ ಸಂಕೇತ ಅಲ್ಲಿಗೆ ಹೋಗಿ ಇಳಿದು ಬರಲು ಕಾಲು ಸೆಕೆಂಡು ಸಾಕು. ಹೆಚ್ಚು ಸಮಯ ತಿನ್ನುವುದು ಚಿತ್ರದ ಸಂಸ್ಕರಣೆ: ಹತ್ತಾರು ಕ್ಯಾಮೆರಾಗಳ ದೃಶ್ಯಗಳಿಂದ ಒಂದನ್ನು ಆರಿಸಿ, ಅಂಕಪಟ್ಟಿ ಕೂರಿಸಿ, ಗಾತ್ರ ಕುಗ್ಗಿಸಿ, ಮತ್ತೆ ಬಿಡಿಸುವುದು. ಡಿಟಿಎಚ್ ಟಿವಿಗೆ ಇಷ್ಟೆಲ್ಲ ಮುಗಿಯಲು ಕೆಲವು ಸೆಕೆಂಡು ಬೇಕು. ಇಂಟರ್ನೆಟ್ ಪ್ರಸಾರದಲ್ಲಿ ಇದರ ಮೇಲೆ ಇನ್ನೊಂದು ಕಾಯುವಿಕೆ ಸೇರುತ್ತದೆ. ಅಲ್ಲಿ ವಿಡಿಯೊ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಎಚ್‌ಎಲ್‌ಎಸ್ ಪದ್ಧತಿಯಲ್ಲಿ ಒಂದು ತುಂಡಿಗೆ ಆರು ಸೆಕೆಂಡು ಎಂದು ಆ್ಯಪಲ್ ಶಿಫಾರಸು ಮಾಡಿದೆ. ನೆಟ್‌ವರ್ಕ್ ಕೈಕೊಟ್ಟರೂ ಚಿತ್ರ ನಿಲ್ಲಬಾರದೆಂದು ಫೋನು ಮೂರು ತುಂಡುಗಳನ್ನು ಕೂಡಿಟ್ಟುಕೊಂಡು ಆಟ ತೋರಿಸಲು ಶುರುಮಾಡಿದರೆ ಅಲ್ಲಿಗೇ ಹದಿನೆಂಟು ಸೆಕೆಂಡು ಆಯಿತು. ಹಾಗಾಗಿ ಮೊಬೈಲ್ ಮೈದಾನಕ್ಕಿಂತ ಇಪ್ಪತ್ತು ಮೂವತ್ತು ಸೆಕೆಂಡು ಹಿಂದೆ ಓಡುವುದು ಅಪರೂಪವಲ್ಲ. ತಡವನ್ನು ಕೆಲವೇ ಸೆಕೆಂಡಿಗೆ ಇಳಿಸುವ ಹೊಸ ಪದ್ಧತಿಗಳೂ ಬಂದಿವೆ, ಆದರೆ ಎಲ್ಲ ಪ್ರಸಾರಕರೂ ಎಲ್ಲೆಡೆ ಅವನ್ನು ಬಳಸುವುದಿಲ್ಲ.

ಬಾಜಿ ಕಂಪನಿಗಳು ಈ ಚಿತ್ರಕ್ಕೆ ಕಾಯುವುದಿಲ್ಲ. ಅವುಗಳಿಗೆ ಹೋಗುವುದು ವಿಡಿಯೊ ಅಲ್ಲ, ಕೆಲವೇ ಅಕ್ಷರಗಳ ದತ್ತಾಂಶ. ಸ್ಪೋರ್ಟ್‌ರಾಡಾರ್, ಜೀನಿಯಸ್ ಸ್ಪೋರ್ಟ್ಸ್‌ನಂಥ ಸಂಸ್ಥೆಗಳು ಕ್ರೀಡಾ ಮಂಡಳಿಗಳಿಂದ ಹಕ್ಕು ಪಡೆದು, ಮೈದಾನದಲ್ಲೇ ಕೂತ ತಮ್ಮ ದಾಖಲೆಗಾರರಿಂದ ಪ್ರತಿ ಘಟನೆಯನ್ನೂ ಯಂತ್ರಕ್ಕೆ ಒತ್ತಿಸುತ್ತವೆ. ಫುಟ್‌ಬಾಲ್‌ನಲ್ಲಿ ಗೋಲು ಬೀಳುವವರೆಗೂ ಇವರು ಸುಮ್ಮನಿರುವುದಿಲ್ಲ. ಆಟಗಾರ ಗೋಲಿನ ಹತ್ತಿರ ಅಪಾಯಕರ ಜಾಗಕ್ಕೆ ಬಂದನೆಂದರೆ ಸಾಕು, ಒಂದು ಗುಂಡಿ ಒತ್ತುತ್ತಾರೆ, ಕಂಪನಿಯ ಕಂಪ್ಯೂಟರ್ ಆ ಕ್ಷಣವೇ ಬಾಜಿ ನಿಲ್ಲಿಸುತ್ತದೆ. ಪರದೆಯಲ್ಲಿ ದರಗಳು ಬೂದುಬಣ್ಣಕ್ಕೆ ತಿರುಗುವುದು ಇದರಿಂದ. ಏನಾಯಿತು ಎಂದು ತಿಳಿಯುವುದಕ್ಕಿಂತ ಏನೋ ಆಗಬಹುದು ಎಂದು ಬಾಗಿಲು ಹಾಕಿಕೊಳ್ಳುವುದು ಬಲು ಬೇಗ ಆಗುವ ಕೆಲಸ.

ಆ ಬಾಗಿಲು ಸಕಾಲಕ್ಕೆ ಮುಚ್ಚದಿದ್ದರೆ ಎಂದು ಇನ್ನೊಂದು ಕಾವಲೂ ಇದೆ. ಪಂದ್ಯ ನಡೆಯುವಾಗ ಒತ್ತಿದ ಬಾಜಿ ಕೂಡಲೇ ದಾಖಲಾಗುವುದಿಲ್ಲ, ಕೆಲವು ಸೆಕೆಂಡು ತಡೆಹಿಡಿಯಲ್ಪಡುತ್ತದೆ. ಬೆಟ್‌ಫೇರ್‌ನಂಥ ಬಾಜಿ ವಿನಿಮಯ ಕೇಂದ್ರದಲ್ಲಿ ಈ ತಡೆ ಆಟಕ್ಕೆ ತಕ್ಕಂತೆ ಬದಲಾಗುತ್ತದೆ, ಐದು ಸೆಕೆಂಡು ಸಾಮಾನ್ಯ. ಅಷ್ಟರೊಳಗೆ ದರ ಬದಲಾದರೆ ಅಥವಾ ಬಾಜಿ ನಿಂತರೆ ಒತ್ತಿದ್ದು ರದ್ದಾಗಬಹುದು. ಮೈದಾನದಲ್ಲಿ ಕೂತವನಿಗೆ ಸಿಗುವ ಲಾಭವನ್ನು ಕಿತ್ತುಕೊಳ್ಳಲೆಂದೇ ಈ ತಡೆ ಹುಟ್ಟಿದ್ದು.

ಒಂದು ಚೆಂಡನ್ನು ಉದಾಹರಣೆಗೆ ತೆಗೆದುಕೊಂಡು ಅಂದಾಜು ಸೆಕೆಂಡುಗಳಲ್ಲಿ ಲೆಕ್ಕ ಹಾಕಬಹುದು. ಐಪಿಎಲ್ ಪಂದ್ಯದ ಹದಿನೇಳನೆಯ ಓವರ್, ಬ್ಯಾಟ್ಸ್‌ಮನ್ ಸಿಕ್ಸರ್ ಎತ್ತುತ್ತಾನೆ. ಬ್ಯಾಟಿಗೆ ಚೆಂಡು ತಾಗಿದ್ದು ಸೊನ್ನೆಯನೆಯ ಸೆಕೆಂಡು ಎಂದಿಟ್ಟುಕೊಳ್ಳೋಣ. ದಾಖಲೆಗಾರ ಗುಂಡಿ ಒತ್ತಿ ಒಂದೆರಡು ಸೆಕೆಂಡಿನಲ್ಲಿ ಬಾಜಿ ನಿಲ್ಲುತ್ತದೆ. ‘ಫಾಸ್ಟ್ ಲೈನ್’ ಕೊಡುವವನ ಮನುಷ್ಯ ನಿಜವಾಗಿಯೂ ಸ್ಟ್ಯಾಂಡಿನಲ್ಲಿದ್ದಾನೆಂದೇ ಒಪ್ಪಿಕೊಂಡರೂ ಅವನು ನೋಡಿ, ಹೇಳಿ, ಅದು ಗುಂಪಿಗೆ ತಲುಪುವಾಗ ಮೂರನೆಯ ಸೆಕೆಂಡು. ಕೊಂಡವನು ಓದಿ, ಬಾಜಿ ಒತ್ತುವಾಗ ಆರನೆಯ ಸೆಕೆಂಡು. ಐದು ಸೆಕೆಂಡಿನ ತಡೆ ಮುಗಿಯುವಾಗ ಹನ್ನೊಂದು. ಡಿಟಿಎಚ್‌ನಲ್ಲಿ ಆ ಹೊತ್ತಿಗೆ ಸಿಕ್ಸರ್ ಬಂದು ಹೋಗಿರುತ್ತದೆ, ಮೊಬೈಲಿನಲ್ಲಿ ಇನ್ನೂ ಬಂದಿರುವುದಿಲ್ಲ. ಕೊಂಡವನಿಗೆ ತಾನು ಎಲ್ಲರಿಗಿಂತ ಮುಂದಿದ್ದೇನೆ ಎನಿಸುವುದು ಸಹಜ, ಅವನು ಹೋಲಿಸುತ್ತಿರುವುದು ತನ್ನದೇ ಫೋನಿನೊಂದಿಗೆ. ಹೋಲಿಸಬೇಕಾಗಿದ್ದು ಬಾಜಿ ನಿಂತ ಸಮಯದೊಂದಿಗೆ, ಅದು ಅವನಿಗೆ ಸಂದೇಶ ಬರುವ ಮೊದಲೇ ಮುಗಿದುಹೋಗಿದೆ.

ಇದರೊಳಗೆ ಇನ್ನೂ ಕೆಟ್ಟ ಸಂಗತಿಯೊಂದಿದೆ, ಅದನ್ನು ಮಾರುವವರು ಎಂದೂ ಬಾಯಿಬಿಡುವುದಿಲ್ಲ. ಸಂದೇಶ ಸರಿಯಿದ್ದು ಬೇಗ ಬಂದಾಗ ಬಾಜಿ ತಿರಸ್ಕೃತವಾಗುತ್ತದೆ, ಏಕೆಂದರೆ ದರ ಆಗಲೇ ಬದಲಾಗಿದೆ. ಸಂದೇಶ ತಪ್ಪಿದ್ದಾಗ ಅಥವಾ ಹಳೆಯದಾಗಿದ್ದಾಗ ಬಾಜಿಗೆ ಯಾವ ಅಡ್ಡಿಯೂ ಇಲ್ಲ, ಸಲೀಸಾಗಿ ಸ್ವೀಕೃತವಾಗುತ್ತದೆ. ಹೀಗೆ ಗೆಲ್ಲಬೇಕಾದವು ಸೋಸಿಹೋಗಿ, ಸೋಲುವಂಥವೇ ಖಾತೆಯಲ್ಲಿ ಉಳಿಯುತ್ತವೆ. ಎಲ್ಲೋ ಒಂದೆರಡು ದಾಟಿದರೂ, ಫಲಿತಾಂಶ ಗೊತ್ತಾದ ಮೇಲೆ ಕಟ್ಟಿದ ಬಾಜಿಯನ್ನು ರದ್ದು ಮಾಡುವ ಹಕ್ಕನ್ನು ಕಂಪನಿಗಳು ತಮ್ಮ ನಿಯಮಾವಳಿಯಲ್ಲೇ ಬರೆದಿಟ್ಟುಕೊಂಡಿರುತ್ತವೆ. ಮತ್ತೆ ಮತ್ತೆ ಗೆಲ್ಲುವವನ ಖಾತೆಗೆ ಮಿತಿ ಹೇರುತ್ತವೆ.

ಹಾಗಾದರೆ ಮೈದಾನದಿಂದ ಸುದ್ದಿ ಕಳಿಸಿ ಹಣ ಮಾಡಿದವರೇ ಇಲ್ಲವೇ? ಇದ್ದರು. ಟೆನಿಸ್ ಅಂಗಳದ ಬದಿಯಲ್ಲಿ ಕೂತು ನಡೆಸುತ್ತಿದ್ದುದರಿಂದ ಇದಕ್ಕೆ ‘ಕೋರ್ಟ್‌ಸೈಡಿಂಗ್’ ಎಂಬ ಹೆಸರು ಅಂಟಿತು. 2014ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ನಡೆಯುವಾಗ ಮೆಲ್ಬರ್ನ್ ಪೊಲೀಸರು ಒಬ್ಬ ಬ್ರಿಟಿಷ್ ಯುವಕನನ್ನು ಬಂಧಿಸಿದರು. ಅಂಕಗಳನ್ನು ಕೂಡಲೇ ರವಾನಿಸುವ ಸಾಧನವನ್ನು ಅವನು ಉಡುಪಿನಲ್ಲಿ ಅಡಗಿಸಿಕೊಂಡಿದ್ದ. ಬಾಜಿಯನ್ನೇ ವ್ಯವಹಾರ ಮಾಡಿಕೊಂಡಿದ್ದ ಒಂದು ಕಂಪನಿಯ ಉದ್ಯೋಗಿ ಅವನು. ಕೆಲವೇ ವಾರಗಳಲ್ಲಿ ಆರೋಪ ಕೈಬಿಡಲಾಯಿತು. ಅವನು ಆಟವನ್ನೇನೂ ತಿರುಚಿರಲಿಲ್ಲ, ಕಂಡದ್ದನ್ನು ಬೇಗ ಹೇಳಿದ್ದಷ್ಟೇ. ಗಮನಿಸಬೇಕಾದದ್ದು ಬೇರೆ: ಆ ಮಾಹಿತಿ ಹೋಗುತ್ತಿದ್ದುದು ಸ್ವಂತ ಬಂಡವಾಳ ಹಾಕಿ ಬಾಜಿ ಕಟ್ಟುವ ಕಂಪನಿಗೆ. ಅದನ್ನು ತಿಂಗಳ ಚಂದಾಗೆ ಊರಿಗೆಲ್ಲ ಹಂಚುವ ಯೋಚನೆ ಅಲ್ಲಿರಲಿಲ್ಲ. ಇರುವಂತೆಯೂ ಇಲ್ಲ. ಹಳೆಯ ದರದಲ್ಲಿ ಸಿಗುವ ಹಣ ಎಷ್ಟೋ ಅಷ್ಟೇ, ನೂರು ಜನ ಅದಕ್ಕೆ ಕೈಹಾಕಿದರೆ ಮೊದಲಿಗನ ಪಾಲೂ ಕರಗುತ್ತದೆ.

ಭಾರತದಲ್ಲೂ 2021ರ ಐಪಿಎಲ್‌ನಲ್ಲಿ ಇಂಥದೊಂದು ಸಂಗತಿ ಹೊರಬಂತು. ದೆಹಲಿಯ ಅರುಣ್ ಜೇಟ್ಲಿ ಕ್ರೀಡಾಂಗಣದಲ್ಲಿ ಸ್ವಚ್ಛತೆಯ ಕೆಲಸದವನೊಬ್ಬ ಮೈದಾನದಿಂದ ಮಾಹಿತಿ ಕಳಿಸುತ್ತಿದ್ದನೆಂಬ ಶಂಕೆ ಬಂದು, ವಿಚಾರಿಸುವಷ್ಟರಲ್ಲಿ ಅವನು ಎರಡು ಮೊಬೈಲ್ ಬಿಟ್ಟು ಓಡಿದನೆಂದು ಕ್ರಿಕೆಟ್ ಮಂಡಳಿಯ ಭ್ರಷ್ಟಾಚಾರ ನಿಗ್ರಹ ಘಟಕದ ಮುಖ್ಯಸ್ಥರು ತಿಳಿಸಿದ್ದರು. ಕೋವಿಡ್‌ನಿಂದಾಗಿ ಆಗ ಭಾರತದಲ್ಲಿ ನಡೆದ ಪಂದ್ಯಗಳಿಗೆ ಪ್ರೇಕ್ಷಕರಿರಲಿಲ್ಲ, ಕ್ರೀಡಾಂಗಣದ ಒಳಗೆ ಸೀಮಿತ ಜನರಷ್ಟೇ ಇದ್ದರು.

ಅಧಿಕೃತ ದತ್ತಾಂಶವನ್ನೇ ತಡಮಾಡಿಸಿದರೆ ಮಾತ್ರ ಲೆಕ್ಕ ಪೂರ್ತಿ ತಿರುಗುತ್ತದೆ. ಕೆಳಹಂತದ ಟೆನಿಸ್ ಪಂದ್ಯಗಳಲ್ಲಿ ಅಂಕಗಳನ್ನು ಯಂತ್ರಕ್ಕೆ ಊಡುವವರು ಅಂಪೈರ್‌ಗಳೇ. ಲಂಚ ಪಡೆದ ಕೆಲವು ಅಂಪೈರ್‌ಗಳು ಅಂಕ ದಾಖಲಿಸುವುದನ್ನು ಒಂದು ನಿಮಿಷದವರೆಗೆ ತಡೆದು, ಅಷ್ಟರಲ್ಲಿ ಜೂಜುಕೋರರಿಗೆ ಬಾಜಿ ಕಟ್ಟಲು ದಾರಿ ಮಾಡಿಕೊಟ್ಟಿದ್ದರ ಕುರಿತು 2016ರಲ್ಲಿ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ ವರದಿ ಮಾಡಿತು. ಇದು ವೇಗದ ಆಟವಲ್ಲ, ಶುದ್ಧ ಭ್ರಷ್ಟಾಚಾರ. ಇಂಥ ಸಂಪರ್ಕವಿದ್ದವನು ಐದು ಸಾವಿರ ರೂಪಾಯಿಗೆ ಅದನ್ನು ಅಪರಿಚಿತರಿಗೆ ಮಾರುತ್ತಾನೆಂದು ನಂಬುವುದು ಕಷ್ಟ.

ಮಾರಾಟಗಾರ ತೋರಿಸುವ ‘ಪುರಾವೆ’ ಸಾಮಾನ್ಯವಾಗಿ ಒಂದು ವಿಡಿಯೊ: ಒಂದು ಪರದೆಯಲ್ಲಿ ಅವನ ಸಂದೇಶ, ಪಕ್ಕದಲ್ಲಿ ಪಂದ್ಯ, ಸಂದೇಶ ಬಂದು ಹತ್ತು ಸೆಕೆಂಡಿಗೆ ವಿಕೆಟ್. ಪಂದ್ಯದ ಪರದೆಯನ್ನು ಒಂದು ಕ್ಷಣ ನಿಲ್ಲಿಸಿ ಮತ್ತೆ ಓಡಿಸಿದರೆ ಯಾರು ಬೇಕಾದರೂ ಇದನ್ನು ತಯಾರಿಸಬಹುದು. ಕೆಲವೊಮ್ಮೆ ವಿಡಿಯೊ ಪ್ರಾಮಾಣಿಕವೇ ಆಗಿರುತ್ತದೆ, ಉಚಿತ ಸ್ಕೋರ್ ಆ್ಯಪ್ ಕೂಡ ಅನೇಕ ಸಲ ವಿಡಿಯೊಗಿಂತ ಮುಂದಿರುತ್ತದೆ. ಅದನ್ನೇ ನಕಲಿಸಿ ಹಣಕ್ಕೆ ಮಾರಿದರಾಯಿತು. ಸೋತ ಸಂದೇಶಗಳನ್ನು ಆಮೇಲೆ ಅಳಿಸಿಹಾಕುವುದು, ಒಂದು ಗುಂಪಿಗೆ ‘ಹೌದು’ ಇನ್ನೊಂದಕ್ಕೆ ‘ಇಲ್ಲ’ ಎಂದು ಕಳಿಸಿ ಗೆದ್ದ ಗುಂಪಿನವರಿಂದ ಚಂದಾ ಎತ್ತುವುದು ಹಳೆಯ ಟಿಪ್ಸ್ ದಂಧೆಯ ಕಸುಬು, ಇಲ್ಲೂ ನಡೆಯುತ್ತದೆ.

ಚಂದಾ ಹಣಕ್ಕಿಂತ ದೊಡ್ಡ ನಷ್ಟ ಮುಂದಿನ ಹೆಜ್ಜೆಯಲ್ಲಿದೆ. ‘ನಮ್ಮ ಲೈನ್ ಈ ಸೈಟಿನಲ್ಲಿ ಮಾತ್ರ ಕೆಲಸ ಮಾಡುತ್ತದೆ’ ಎಂದು ಮಾರಾಟಗಾರ ಒಂದು ಲಿಂಕ್ ಅಥವಾ ಎಪಿಕೆ ಕಡತ ಕಳಿಸುತ್ತಾನೆ. ಕೆಲವರಿಗೆ ಅದರಿಂದ ಸಿಗುವುದು ಕಮಿಷನ್, ತಾವು ಕಳಿಸಿದ ಗಿರಾಕಿ ಸೋತ ಹಣದಲ್ಲಿ ಒಂದು ಪಾಲು. ಗಿರಾಕಿ ಗೆದ್ದರೆ ಇವರಿಗೆ ಏನೂ ಇಲ್ಲ! ಇನ್ನು ಕೆಲವು ಸೈಟುಗಳು ಮೋಸಗಾರರದ್ದೇ. ಅಲ್ಲಿ ತಡೆಯೂ ಇಲ್ಲ, ತಿರಸ್ಕಾರವೂ ಇಲ್ಲ, ಪ್ರತಿ ಬಾಜಿಯೂ ಗೆಲ್ಲುತ್ತದೆ, ಏಕೆಂದರೆ ಪರದೆಯ ಮೇಲಿನ ಮೊತ್ತ ಬರೀ ಅಂಕಿ. ನಂಬಿಕೆ ಕುದುರಿಸಲು ಮೊದಲಿಗೆ ಒಂದೆರಡು ಸಾವಿರ ವಾಪಸ್ ಕೊಡುವುದೂ ಉಂಟು, ಆದ್ದರಿಂದ ಸಣ್ಣ ಮೊತ್ತ ಕೈಸೇರಿತೆಂಬುದು ಪುರಾವೆಯಲ್ಲ. ದೊಡ್ಡ ಮೊತ್ತ ತೆಗೆಯಲು ಹೋದಾಗ ‘ಮೊದಲು ತೆರಿಗೆ ಕಟ್ಟಿ’, ‘ಖಾತೆ ಪರಿಶೀಲನೆಗೆ ಠೇವಣಿ ಇಡಿ’ ಎಂಬ ಬೇಡಿಕೆ ಬರುತ್ತದೆ. ನಿಜವಾದ ತೆರಿಗೆಯನ್ನು ಗೆದ್ದ ಹಣದಲ್ಲೇ ಮುರಿದುಕೊಳ್ಳುತ್ತಾರೆ, ಗೆದ್ದವನಿಂದ ಮುಂಗಡವಾಗಿ ಯುಪಿಐ ಮೂಲಕ ಅಪರಿಚಿತನ ಖಾತೆಗೆ ಹಾಕಿಸುವುದಿಲ್ಲ. ಪ್ರತಿ ಸಲ ಹಣ ಹಾಕುವಾಗಲೂ ಬೇರೆ ಬೇರೆ ವ್ಯಕ್ತಿಗಳ ಯುಪಿಐ ಐಡಿ ಬಂದರೆ ಅದು ಬಾಡಿಗೆ ಖಾತೆಗಳ ಗುರುತು.

ಹಣ ಹೋದವರಲ್ಲಿ ಹೆಚ್ಚಿನವರು ದೂರು ಕೊಡಲು ಹಿಂಜರಿಯುತ್ತಾರೆ, ಬಾಜಿ ಕಟ್ಟಿದ ತಮ್ಮ ಮೇಲೇ ಕೇಸು ಬಿದ್ದೀತೆಂಬ ಭಯ. ಮೋಸಗಾರರೂ ಅದನ್ನೇ ಹೇಳಿ ಹೆದರಿಸುತ್ತಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಆದರೆ ಅದರ ಶಿಕ್ಷೆ ಇರುವುದು ಅವನ್ನು ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ದಾಟಿಸುವವರಿಗೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಕರೆ ಮಾಡಿದಷ್ಟೂ ಹಣ ಇನ್ನೊಂದು ಖಾತೆಗೆ ಜಾರುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು, cybercrime.gov.in ತಾಣದಲ್ಲೂ ದೂರು ದಾಖಲಿಸಬಹುದು. ಪಾವತಿಯ ಯುಟಿಆರ್ ಸಂಖ್ಯೆ, ಯುಪಿಐ ಐಡಿ, ಗುಂಪಿನ ಸಂದೇಶಗಳ ಸ್ಕ್ರೀನ್‌ಶಾಟ್ ಜೊತೆಗಿರಬೇಕು. ಹೋದ ಹಣ ವಾಪಸ್ ಕೊಡಿಸುತ್ತೇವೆಂದು ಆಮೇಲೆ ಕರೆ ಮಾಡಿ ಶುಲ್ಕ ಕೇಳುವವರು ಅನೇಕ ಸಲ ಅದೇ ತಂಡದವರು, ಇಲ್ಲವೇ ಸೋತವರ ಪಟ್ಟಿಯನ್ನು ಅವರಿಂದ ಕೊಂಡವರು.