ಒಂದೇ ಹಾಳೆಯಲ್ಲಿ ಮನೆಯೂ ಮೆಟ್ಟಿಲೂ

ಮೂವತ್ತು–ನಲವತ್ತರ ಸೈಟು ಅಂದರೆ ಬೆಂಗಳೂರಿನಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಮಿಲಿಮೀಟರಿನಲ್ಲಿ ಅದು 9144 × 12192. ಆಟೋಕ್ಯಾಡ್‌ನ ಮಾಡೆಲ್‌ನಲ್ಲಿ ಮನೆಯನ್ನು ಇದ್ದ ಅಳತೆಗೇ ಬರೆಯುತ್ತಾರೆ. ಹಾಳೆಗೆ ತಕ್ಕಂತೆ ಕುಗ್ಗಿಸುವುದು ಲೇಔಟ್‌ನ ಕೆಲಸ. 1:50ಕ್ಕೆ ಇಳಿಸಿದರೆ ಸೈಟು 183 × 244 ಮಿ.ಮೀ. ಆಗಿ, ಅಡ್ಡ ಇಟ್ಟ ಎ3 ಹಾಳೆಯ ಅರ್ಧದಷ್ಟು ಅಗಲದೊಳಗೇ ಮುಗಿಯುತ್ತದೆ. ಆದರೆ ಮೇಸ್ತ್ರಿಗೆ ಬೇಕಾದ ಮೆಟ್ಟಿಲಿನ ಸೆಕ್ಷನ್ ಆ ಸ್ಕೇಲಿನಲ್ಲಿ ಓದಲು ಬರುವುದಿಲ್ಲ. 150 ಮಿ.ಮೀ. ಎತ್ತರದ ಒಂದು ಮೆಟ್ಟಿಲು ಕಾಗದದಲ್ಲಿ ಬರೀ 3 ಮಿ.ಮೀ.

ಸೆಕ್ಷನ್ನನ್ನು ಸ್ಕೇಲ್ ಕಮಾಂಡಿನಿಂದ ಎರಡೂವರೆ ಪಟ್ಟು ಹಿಗ್ಗಿಸಿ ಪಕ್ಕದಲ್ಲಿಡುವವರು ಈಗಲೂ ಇದ್ದಾರೆ. ಆಗ ಡೈಮೆನ್ಷನ್ 150ರ ಬದಲು 375 ಎನ್ನುತ್ತದೆ. ಅದರ ಬದಲು ಹಾಳೆಯ ಮೇಲೆ ಎರಡು ವ್ಯೂಪೋರ್ಟ್ ತೆರೆಯಬೇಕು. ಇವು ಮಾಡೆಲ್‌ನತ್ತ ತೆರೆದ ಎರಡು ಕಿಟಕಿಗಳು; ಯಾವುದರ ಸ್ಕೇಲ್ ಅದಕ್ಕೆ. `MVIEW` ಕೊಟ್ಟು ಎರಡು ಮೂಲೆ ಗುರುತಿಸಿದರೆ ಒಂದು ವ್ಯೂಪೋರ್ಟ್ ಸಿದ್ಧ. ಅದರೊಳಗೆ ಡಬಲ್ ಕ್ಲಿಕ್ ಮಾಡಿ `ZOOM` ಕೊಟ್ಟು, ಮನೆಗೆ `1/50XP`, ಇನ್ನೊಂದರಲ್ಲಿ ಮೆಟ್ಟಿಲಿಗೆ `1/20XP` ಎಂದು ಟೈಪ್ ಮಾಡಿ. ಮೆಟ್ಟಿಲೀಗ ಕಾಗದದಲ್ಲಿ 7.5 ಮಿ.ಮೀ.; ಡೈಮೆನ್ಷನ್ ಮಾತ್ರ 150 ಎಂದೇ ಹೇಳುತ್ತದೆ. ಇಂಚಿನಲ್ಲಿ ಬರೆದ ಡ್ರಾಯಿಂಗಿಗೆ ಈ ಲೆಕ್ಕ ಹೊಂದದು.

ಸ್ಕೇಲ್ ಕೊಟ್ಟ ತಕ್ಷಣ ವ್ಯೂಪೋರ್ಟಿನ ಪ್ರಾಪರ್ಟೀಸ್‌ನಲ್ಲಿ `Display locked` ಅನ್ನು `Yes` ಮಾಡಿ. ಇಲ್ಲದಿದ್ದರೆ ಒಳಗಿರುವಾಗ ಮೌಸಿನ ಚಕ್ರ ತಿರುಗಿದರೂ ಸಾಕು, 1:50 ಹೋಗಿ ಯಾವುದೋ ದಶಮಾಂಶ ಬಂದು ಕೂರುತ್ತದೆ. ನೋಡಲು ಮನೆ ಹಾಗೇ ಇರುವುದರಿಂದ ಇದು ಗಮನಕ್ಕೇ ಬರುವುದಿಲ್ಲ.

ನಿಜವಾದ ತಲೆನೋವು ಅಕ್ಷರಗಳದು. 1:50ರಲ್ಲಿ 2.5 ಮಿ.ಮೀ. ಕಾಣಲೆಂದು ಮಾಡೆಲ್‌ನಲ್ಲಿ 125 ಎತ್ತರಕ್ಕೆ ಬರೆದ ಅಕ್ಷರ, 1:20ರ ವ್ಯೂಪೋರ್ಟಿನಲ್ಲಿ 6.25 ಮಿ.ಮೀ. ಆಗಿ ಮೆಟ್ಟಿಲನ್ನೇ ಮುಚ್ಚುತ್ತದೆ. ಟೆಕ್ಸ್ಟ್ ಸ್ಟೈಲ್‌ನಲ್ಲಿ `Annotative` ಟಿಕ್ ಮಾಡಿ ಕಾಗದದ ಎತ್ತರ 2.5 ಎಂದು ಕೊಟ್ಟರೆ, ಎರಡೂ ಕಡೆ ಅಷ್ಟೇ ಬರುತ್ತದೆ. ಆದರೆ ಆ ಅಕ್ಷರಕ್ಕೆ ಎರಡೂ ಸ್ಕೇಲ್‌ಗಳನ್ನು ಸೇರಿಸಿರಬೇಕು. ಒಂದು ವ್ಯೂಪೋರ್ಟಿನಲ್ಲಿ ಕಾಣುವ ಬರಹ ಇನ್ನೊಂದರಲ್ಲಿ ಮಾಯವಾಗಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. `OBJECTSCALE` ಕಮಾಂಡಿನಲ್ಲಿ ಬಿಟ್ಟುಹೋದ ಸ್ಕೇಲ್ ಸೇರಿಸಬಹುದು.

ಟೈಟಲ್ ಬ್ಲಾಕಿನಲ್ಲಿ ಒಂದೇ ಸ್ಕೇಲ್ ಬರೆಯುವುದು ಇಂಥ ಹಾಳೆಗೆ ತಪ್ಪು. ಪ್ರತಿ ಚಿತ್ರದ ಕೆಳಗೆ ಅದರದನ್ನು ಬರೆಯಿರಿ. ಲೇಔಟನ್ನು 1:1ರಲ್ಲೇ ಪ್ಲಾಟ್ ಮಾಡಿ. ಪಿಡಿಎಫ್ ಒಯ್ದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವವರು `Fit` ಬೇಡ, `Actual size` ಇರಲಿ ಎಂದು ಹೇಳಿ, ಅಲ್ಲೇ ಸ್ಕೇಲ್‌ಪಟ್ಟಿ ಇಟ್ಟು ನೋಡಿ: 900 ಮಿ.ಮೀ. ಬಾಗಿಲು ಪ್ಲಾನಿನಲ್ಲಿ ಸರಿಯಾಗಿ 18 ಮಿ.ಮೀ. ಬರದಿದ್ದರೆ ಆ ಹಾಳೆಯನ್ನು ಸೈಟಿಗೆ ಕಳಿಸಬೇಡಿ.